ಸಾಗಣೆಯಲ್ಲಿರುವ ದಾಸ್ತಾನು

ಸಾಗಣೆಯಲ್ಲಿರುವ ದಾಸ್ತಾನು ಎಂದರೆ ಒಂದೇ ಸಂಸ್ಥೆಯ ಗೋದಾಮಿನಿಂದ ಹೊರಟು, ಅದರ ಮಳಿಗೆಯಲ್ಲಿ ಇನ್ನೂ ಎಣಿಸಿ ಸ್ವೀಕರಿಸದ ಸರಕು. ಈ ಅವಧಿಯಲ್ಲಿಯೂ ಸರಕು ಸಂಸ್ಥೆಯ ಸ್ವತ್ತೇ ಆಗಿರುವುದರಿಂದ ಅದನ್ನು ಲೆಕ್ಕದಿಂದ ಕೈಬಿಡುವಂತಿಲ್ಲ. ಆದರೆ ಅದನ್ನು ಮಾರುವುದೂ ಸಾಧ್ಯವಿಲ್ಲ. ಆದ್ದರಿಂದ ದಾಸ್ತಾನು ತಂತ್ರಾಂಶಗಳಲ್ಲಿ ಇದಕ್ಕಾಗಿ ಒಂದು ಕಾಲ್ಪನಿಕ ಗೋದಾಮನ್ನು ಇಡಲಾಗುತ್ತದೆ.

ಎರಡು ನಮೂದುಗಳು

ವರ್ಗಾವಣೆಯನ್ನು ಒಂದೇ ನಮೂದಿನಲ್ಲಿ ಮುಗಿಸಿದರೆ, ಲಾರಿ ಇನ್ನೂ ದಾರಿಯಲ್ಲಿರುವಾಗಲೇ ಮಳಿಗೆಯ ಗಣಕದಲ್ಲಿ ಸರಕು ಕಾಣಿಸುತ್ತದೆ. ಇದನ್ನು ತಪ್ಪಿಸಲು ಕೆಲಸವನ್ನು ಎರಡಾಗಿ ಒಡೆಯಲಾಗುತ್ತದೆ. ರವಾನೆಯ ನಮೂದು ಸರಕನ್ನು ಗೋದಾಮಿನಿಂದ ಸಾಗಣೆಯ ಖಾತೆಗೆ ಒಯ್ಯುತ್ತದೆ. ಸ್ವೀಕೃತಿಯ ನಮೂದು ಅಲ್ಲಿಂದ ಮಳಿಗೆಗೆ ತರುತ್ತದೆ. ಮೊದಲನೆಯದನ್ನು ಗೋದಾಮಿನವರು, ಎರಡನೆಯದನ್ನು ಮಳಿಗೆಯವರು ಮಾಡಬೇಕು. ಎರಡನ್ನೂ ಒಬ್ಬರೇ ಮಾಡುವಲ್ಲಿ ಈ ಏರ್ಪಾಡಿಗೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ. ಭಾರತದಲ್ಲಿ ರೂಪುಗೊಂಡ ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ Material Transfer ನಮೂದಿನಲ್ಲಿ Add to Transit ಗುರುತು ಹಾಕಿದರೆ ಸರಕು ಸಾಗಣೆಯ ಗೋದಾಮಿಗೆ ಸೇರುತ್ತದೆ. End Transit ಮೂಲಕ ಎರಡನೆಯ ನಮೂದು ಹುಟ್ಟುತ್ತದೆ.

ಮರುಪೂರಣದ ಲೆಕ್ಕ ಹಾಕುವಾಗ ಸಾಗಣೆಯಲ್ಲಿರುವುದನ್ನು ಮಳಿಗೆಗೆ ಬರಲಿರುವ ಸರಕೆಂದು ಎಣಿಸಬೇಕು. ಇಲ್ಲವಾದರೆ, ನಿನ್ನೆ ಕಳುಹಿಸಿದ ಸರಕಿಗೇ ಇಂದು ಮತ್ತೊಮ್ಮೆ ಬೇಡಿಕೆ ಸಿದ್ಧವಾಗುತ್ತದೆ.

ದಾಖಲೆಗಳು

ಭಾರತದಲ್ಲಿ ಒಂದೇ ಜಿಎಸ್‌ಟಿ ನೋಂದಣಿಯ ಅಡಿಯಲ್ಲಿ ರಾಜ್ಯದೊಳಗೆ ನಡೆಯುವ ವರ್ಗಾವಣೆ ಮಾರಾಟವೆನಿಸುವುದಿಲ್ಲ. ಸರಕಿನ ಜೊತೆ ಡೆಲಿವರಿ ಚಲನ್ ಹೋಗುತ್ತದೆ. ಇದರ ಮೂರು ಪ್ರತಿಗಳು ಕ್ರಮವಾಗಿ ಪಡೆಯುವವರಿಗೆ, ಸಾಗಿಸುವವರಿಗೆ ಮತ್ತು ಕಳುಹಿಸುವವರಿಗೆ ಸೇರುತ್ತವೆ. ಬೇರೆ ರಾಜ್ಯದಲ್ಲಿರುವ ಮಳಿಗೆಯ ನೋಂದಣಿಯೂ ಬೇರೆಯಾಗಿರುವುದರಿಂದ ಕಾನೂನು ಅದನ್ನು ಪ್ರತ್ಯೇಕ ವ್ಯಕ್ತಿಯೆಂದು ಪರಿಗಣಿಸುತ್ತದೆ. ಹಣ ಕೈಬದಲಾಗದಿದ್ದರೂ ತೆರಿಗೆ ಇನ್‌ವಾಯ್ಸ್ ಬೇಕಾಗುತ್ತದೆ. ಸರಕಿನ ಮೌಲ್ಯ 50,000 ರೂಪಾಯಿಯನ್ನು ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಅಗತ್ಯ. ರಾಜ್ಯದೊಳಗಿನ ಸಾಗಣೆಗೆ ಇದನ್ನು 2018ರ ಏಪ್ರಿಲ್ 1ರಂದು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ.

ಸ್ವೀಕೃತಿ ತಪಾಸಣೆ

ತಪಾಸಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ವಾಹನ ನಿಂತಿರುವಾಗಲೇ ಪೆಟ್ಟಿಗೆಗಳ ಸಂಖ್ಯೆ, ಮುದ್ರೆ ಮತ್ತು ಹೊರಗಿನ ಹಾನಿಯನ್ನು ನೋಡಿ ಚಲನ್‌ನ ಸಾಗಣೆದಾರರ ಪ್ರತಿಗೆ ಸಹಿ ಹಾಕಲಾಗುತ್ತದೆ. ಒಳಗಿನ ಸರಕನ್ನು ಇನ್ನೂ ಎಣಿಸಿಲ್ಲವೆಂದು ಆ ಸಹಿಯ ಪಕ್ಕದಲ್ಲೇ ಬರೆಯುವುದು ಉಚಿತ. ಅನಂತರ ಪೆಟ್ಟಿಗೆಗಳನ್ನು ತೆರೆದು ಬಿಡಿಬಿಡಿಯಾಗಿ ಎಣಿಸಲಾಗುತ್ತದೆ. ಎಣಿಸುವವರಿಗೆ ಕಳುಹಿಸಿದ ಸಂಖ್ಯೆಯನ್ನು ತೋರಿಸದಿರುವುದು ಉತ್ತಮ ಪದ್ಧತಿ. 24 ಎಂದು ಮೊದಲೇ ತಿಳಿದವರಿಗೆ 22 ಕೂಡ 24ರಂತೆಯೇ ಕಾಣುವುದುಂಟು.

ಒಟ್ಟು ಸಂಖ್ಯೆ ಸರಿಯಾಗಿದ್ದರೂ ತಪ್ಪು ಅಡಗಿರಬಹುದು. ಒಂದು ಅಳತೆಯ ಅಂಗಿ ಎರಡು ಹೆಚ್ಚು, ಇನ್ನೊಂದು ಎರಡು ಕಡಿಮೆ ಬಂದಿದ್ದರೆ ಮೊತ್ತದಲ್ಲಿ ಅದು ತೋರುವುದಿಲ್ಲ. ಆದುದರಿಂದ ಬಾರ್‌ಕೋಡ್ ಓದಿಸಿ ಪ್ರತಿ ಬಗೆಯನ್ನೂ ಬೇರೆಯಾಗಿಯೇ ಹೋಲಿಸಬೇಕು.

ಒಂದು ಉದಾಹರಣೆ

ಬೆಂಗಳೂರಿನ ಪೀಣ್ಯದಲ್ಲಿ ಗೋದಾಮು, ಮೈಸೂರಿನಲ್ಲಿ ಮಳಿಗೆ ಇರುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ಗೋದಾಮಿನಲ್ಲಿ ಒಂದು ಲೀಟರಿನ 600 ಎಣ್ಣೆ ಪ್ಯಾಕೆಟ್‌ಗಳು, ಮಳಿಗೆಯಲ್ಲಿ 40 ಇವೆ. ತಲಾ 24 ಪ್ಯಾಕೆಟ್‌ಗಳ 5 ಪೆಟ್ಟಿಗೆಗಳು, ಅಂದರೆ 120 ಪ್ಯಾಕೆಟ್‌ಗಳು ರವಾನೆಯಾದಾಗ ಗೋದಾಮಿನಲ್ಲಿ 480, ಸಾಗಣೆಯಲ್ಲಿ 120, ಮಳಿಗೆಯಲ್ಲಿ 40 ಎಂದು ದಾಖಲಾಗುತ್ತದೆ; ಒಟ್ಟು 640 ಬದಲಾಗುವುದಿಲ್ಲ.

ಮೈಸೂರಿನಲ್ಲಿ ಐದೂ ಪೆಟ್ಟಿಗೆಗಳು ಮುದ್ರೆ ಒಡೆಯದೆ ತಲುಪುತ್ತವೆ. ತೆರೆದಾಗ ಒಂದರಲ್ಲಿ 22 ಪ್ಯಾಕೆಟ್‌ಗಳಷ್ಟೇ ಇವೆ. ಇನ್ನೊಂದರಲ್ಲಿ 3 ಸೋರಿವೆ. ಮಳಿಗೆಯವರು 115ನ್ನು ಮಾರಾಟದ ದಾಸ್ತಾನಿಗೂ, 3ನ್ನು ಹಾನಿಯಾದ ಸರಕಿನ ಖಾತೆಗೂ ಸ್ವೀಕರಿಸುತ್ತಾರೆ. ಉಳಿದ 2 ಸಾಗಣೆಯ ಖಾತೆಯಲ್ಲೇ ನಿಲ್ಲುತ್ತವೆ. ಈಗಲೂ 480, 155, 3 ಮತ್ತು 2 ಸೇರಿ 640. ಇಲ್ಲಿ 120 ಬಂದಿದೆಯೆಂದು ಒಪ್ಪಿ ಅನಂತರ 2ನ್ನು ನಷ್ಟವೆಂದು ಕಳೆದಿದ್ದರೆ, ಕೊರತೆ ಮಳಿಗೆಯ ಕಳವಿನಂತೆ ತೋರುತ್ತಿತ್ತು.

ಮುದ್ರೆ ಒಡೆಯದ ಪೆಟ್ಟಿಗೆಯಲ್ಲಿನ ಕೊರತೆ ಪ್ಯಾಕಿಂಗ್ ದೋಷವನ್ನು ಸೂಚಿಸುತ್ತದೆ. ಪೀಣ್ಯದಲ್ಲಿ ಮರುಎಣಿಕೆ ಮಾಡಿದಾಗ 480ರ ಬದಲು 482 ದೊರೆತರೆ, ಸಾಗಣೆಯ 2ನ್ನು ಗೋದಾಮಿಗೆ ಹಿಂದಿರುಗಿಸಲಾಗುತ್ತದೆ. ದೊರೆಯದಿದ್ದರೆ ವಿಚಾರಣೆಯ ಬಳಿಕವೇ ನಷ್ಟವೆಂದು ಬರೆಯಬೇಕು. ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ.

ಸಾಮಾನ್ಯ ದೋಷಗಳು

ಎಣಿಸದೆಯೇ ಸ್ವೀಕೃತಿಯ ಗುಂಡಿ ಒತ್ತುವುದು ಬಹುವ್ಯಾಪಕವಾದ ದೋಷ. ಎಲ್ಲ ರವಾನೆಗಳೂ ಕೊರತೆಯಿಲ್ಲದೆ, ವಾಹನ ಬಂದ ಕೆಲವೇ ನಿಮಿಷಗಳಲ್ಲಿ ಸ್ವೀಕೃತವಾಗುತ್ತಿರುವ ಮಳಿಗೆಯ ಮೇಲೆ ಸಂಶಯ ಪಡಲು ಕಾರಣವಿದೆ. ಇದಕ್ಕೆ ವಿರುದ್ಧವಾಗಿ, ಸ್ವೀಕೃತಿ ದಾಖಲಿಸುವ ಮೊದಲೇ ಸರಕನ್ನು ಮಾರಲು ತೊಡಗಿದರೆ ಮಳಿಗೆಯ ದಾಸ್ತಾನು ಸೊನ್ನೆಗಿಂತ ಕೆಳಗಿಳಿಯುತ್ತದೆ. ಪೆಟ್ಟಿಗೆ ಮತ್ತು ಪ್ಯಾಕೆಟ್‌ಗಳ ಏಕಮಾನ ಅದಲುಬದಲಾದರೆ 120ರ ಜಾಗದಲ್ಲಿ 5 ಸ್ವೀಕೃತವಾಗಿ 115 ಸಾಗಣೆಯಲ್ಲಿ ಉಳಿಯುತ್ತವೆ. ಅಷ್ಟು ದೊಡ್ಡ ಬಾಕಿ ಬೇಗನೆ ಕಣ್ಣಿಗೆ ಬೀಳುತ್ತದೆ.

ಪೀಣ್ಯದಿಂದ ಮೈಸೂರಿಗೆ ಲಾರಿ ಒಂದು ದಿನದೊಳಗೆ ತಲುಪುವುದರಿಂದ, ಮೂರನೆಯ ದಿನವೂ ತೆರೆದಿರುವ ವರ್ಗಾವಣೆಗೆ ವಿವರಣೆ ಕೇಳಬೇಕಾಗುತ್ತದೆ. ಇದಕ್ಕಾಗಿ ಸಾಗಣೆಯ ಖಾತೆಯ ಬಾಕಿಗಳನ್ನು ರವಾನೆಯ ದಿನಾಂಕದ ಕ್ರಮದಲ್ಲಿ ಪಟ್ಟಿ ಮಾಡಿ ನೋಡಲಾಗುತ್ತದೆ. ವರ್ಷಾಂತ್ಯದಲ್ಲಿ ಉಳಿದ ನಿಜವಾದ ಬಾಕಿ ಸಂಸ್ಥೆಯ ದಾಸ್ತಾನಿನ ಮೌಲ್ಯಕ್ಕೆ ಸೇರುತ್ತದೆ.