‘ಎಂದು’ ಮತ್ತು ಉದ್ಧರಣ ಚಿಹ್ನೆ

ಓಲೆಗರಿಯ ಲಿಪಿಕಾರನು ಸಾಮಾನ್ಯವಾಗಿ ಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲ. ಪದ್ಯವೋ ಪ್ರಕರಣವೋ ಮುಗಿದಲ್ಲಿ ಒಂದೆರಡು ದಂಡಗಳನ್ನೆಳೆದರೆ ಅವನ ಕೆಲಸ ಮುಗಿಯಿತು. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿಯೂ ಲೇಖನ ಚಿಹ್ನೆಗಳಿಗೆ ಮೀಸಲಾದ ಪ್ರಕರಣವಿಲ್ಲ. ಅದರ ಅವಶ್ಯಕತೆಯೂ ಅಂದು ಅಷ್ಟಾಗಿ ತೋರಿರಲಾರದು. ಕಾವ್ಯವನ್ನು ಓದುವವನ ಧ್ವನಿಯೇ ವಿರಾಮವನ್ನು ಒದಗಿಸುತ್ತಿತ್ತು. ಕುಮಾರವ್ಯಾಸನ ಅನೇಕ ಷಟ್ಪದಿಗಳು ‘ಎಂದ’ ಎಂಬಲ್ಲಿ ನಿಂತಾಗ, ಮಾತು ಮುಗಿಯಿತೆಂದು ಕೇಳುಗನಿಗೆ ತಾನಾಗಿ ತಿಳಿಯುತ್ತಿತ್ತು.

ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳು ಹತ್ತೊಂಬತ್ತನೆಯ ಶತಮಾನದ ಅಚ್ಚುಕೂಟಗಳ ಮೂಲಕ, ಇಂಗ್ಲಿಷ್ ಮಾದರಿಯಲ್ಲಿ ಬಂದು ನೆಲೆಸಿದವು. ದೆಹಲಿಯ ಕನ್ನಡಿಗನು ಹಿಂದೀ ಪತ್ರಿಕೆಗಳಲ್ಲಿ ಇಂದಿಗೂ ದಂಡವನ್ನು ಕಾಣಬಲ್ಲನು. ಕನ್ನಡವು ಮರಾಠಿಯಂತೆ ಚುಕ್ಕೆಯನ್ನೇ ಒಪ್ಪಿಕೊಂಡಿತು. ಚುಕ್ಕೆಯಿಂದ ತೊಡಕಾಗಲಿಲ್ಲ. ತೊಡಕಾದದ್ದು ಉದ್ಧರಣ ಚಿಹ್ನೆಯಿಂದ. ಏಕೆಂದರೆ ಅದು ಮಾಡುವ ಕೆಲಸದಲ್ಲಿ ಅರ್ಧವನ್ನು ಕನ್ನಡದ ‘ಎಂದು’ ಮೊದಲೇ ಮಾಡುತ್ತಿತ್ತು.

‘ಎಂದು’ ಆಡಿದ ಮಾತಿನ ಕೊನೆಯನ್ನು ತೋರಿಸುತ್ತದೆ, ಮೊದಲನ್ನು ತೋರಿಸದು. “ಗುರುಗಳು ನಿನ್ನೆ ಶಿಷ್ಯನು ಬಂದನು ಎಂದರು” ಎಂಬ ವಾಕ್ಯವನ್ನು ನೋಡಬಹುದು. ಗುರುಗಳು ಹೇಳಿದ್ದು ನಿನ್ನೆಯೋ, ಶಿಷ್ಯನು ಬಂದದ್ದು ನಿನ್ನೆಯೋ? ಗಟ್ಟಿಯಾಗಿ ಓದುವವನು ‘ನಿನ್ನೆ’ಯ ಹಿಂದೆಯೋ ಮುಂದೆಯೋ ಕ್ಷಣಕಾಲ ನಿಂತು ಸಂಶಯವನ್ನು ತೀರಿಸುವನು. ಮೌನವಾಗಿ ಓದುವವನಿಗೆ ಆ ನೆರವಿಲ್ಲ. ಗುರುಗಳು ನಿನ್ನೆ, “ಶಿಷ್ಯನು ಬಂದನು” ಎಂದರು. ಗುರುಗಳು, “ನಿನ್ನೆ ಶಿಷ್ಯನು ಬಂದನು” ಎಂದರು: ಹೀಗೆ ಬರೆದೊಡನೆ ಎರಡು ಅರ್ಥಗಳೂ ಬೇರೆಬೇರೆಯಾಗುತ್ತವೆ. ಕನ್ನಡಕ್ಕೆ ಈ ಚಿಹ್ನೆಯಿಂದ ದೊರೆತ ನಿಜವಾದ ಲಾಭ ತೆರೆಯುವ ಗುರುತೇ ಹೊರತು ಮುಚ್ಚುವ ಗುರುತಲ್ಲ.

ಮುಚ್ಚುವ ಗುರುತಿನ ಬಳಿಯಲ್ಲಿಯೇ ತಪ್ಪುಗಳು ಹೆಚ್ಚು. ‘ಬಂದನು ಎಂದು’ ಎಂಬುದು ಸಂಧಿಯಾಗಿ ‘ಬಂದನೆಂದು’ ಆದರೆ ಚಿಹ್ನೆಗೆ ಸ್ಥಳವೆಲ್ಲಿ? “ಶಿಷ್ಯನು ಬಂದನೆಂದು” ಹೇಳಿದರು ಎಂದು ಬರೆದರೆ, ವರದಿ ಮಾಡುವವನ ‘ಎಂದು’ ಗುರುಗಳ ಬಾಯಿಗೆ ಸೇರಿಹೋಗುತ್ತದೆ. ಸಂಧಿಯನ್ನು ಬಿಡಿಸಿ ಬರೆಯಬೇಕು, ಇಲ್ಲವೆ ಚಿಹ್ನೆಗಳನ್ನೇ ಕೈಬಿಡಬೇಕು. ಹಾಗೆಯೇ, ಅವನು “ತಾನು ನಾಳೆ ಬರುವೆನು” ಎಂದನು ಎಂಬುದೂ ಸಲ್ಲದು. ಆಡಿದವನು ‘ನಾನು’ ಎಂದಿದ್ದಾನೆ. ‘ತಾನು’ ಎಂಬುದು ಬರೆದವನ ಮಾತು. ಅವನ ಮಾತನ್ನೇ ಕೊಡುವುದಾದರೆ “ನಾನು” ಎಂದಿರಬೇಕು; ‘ತಾನು’ ಬೇಕಾದರೆ ಚಿಹ್ನೆಗಳು ಬೇಡ.

“ಶಿಷ್ಯನು ಬಂದನು.” ಎಂದರು ಎಂಬಲ್ಲಿ ಒಳಗಿನ ಚುಕ್ಕೆ ವಾಕ್ಯವನ್ನು ನಡುವೆಯೇ ಕಡಿಯುತ್ತದೆ, ಕ್ರಿಯಾಪದವಿನ್ನೂ ಬಂದಿಲ್ಲ. ಪ್ರಶ್ನಾರ್ಥಕದ ಮಾತು ಬೇರೆ. “ಯಾರು ಬಂದರು?” ಎಂದು ಕೇಳಿದರು ಎಂಬಲ್ಲಿ ಚಿಹ್ನೆ ಒಳಗೆ ಉಳಿಯಲೇಬೇಕು. ಯಾರು ಬಂದರೆಂದು ಕೇಳಿದರು? ಎಂದು ಅದನ್ನು ಕೊನೆಗೊಯ್ದರೆ, ಹಾಗೆ ಕೇಳಿದರೇ ಇಲ್ಲವೇ ಎಂದು ಬರೆದವನೇ ಓದುಗನನ್ನು ವಿಚಾರಿಸಿದಂತಾಗುತ್ತದೆ.