ಹೆಚ್ಚು ಕೊಂಡರೆ ಅಗ್ಗ: ಎಷ್ಟರವರೆಗೆ?

ಧಾರವಾಡದಲ್ಲಿ ಒಂದು ಪೇಡೆ ಅಂಗಡಿ ಇದೆ ಎಂದುಕೊಳ್ಳಿ. ಅಂಗಡಿಯ ಹೆಸರು ಅಚ್ಚಾದ ಅರ್ಧ ಕಿಲೋ ರಟ್ಟಿನ ಡಬ್ಬಿ ಅದಕ್ಕೆ ತಿಂಗಳಿಗೆ 2,000, ವರ್ಷಕ್ಕೆ 24,000 ಬೇಕು. ಪ್ರಿಂಟಿಂಗ್ ಪ್ರೆಸ್‌ನ ದರಪಟ್ಟಿಯಲ್ಲಿ ಮೂರು ಮೆಟ್ಟಿಲುಗಳಿವೆ. 6,000ಕ್ಕಿಂತ ಕಡಿಮೆ ಕೊಂಡರೆ ಡಬ್ಬಿಗೆ 8 ರೂಪಾಯಿ, 6,000ದಿಂದ ಮೇಲಕ್ಕೆ 7.60, 12,000ದಿಂದ ಮೇಲಕ್ಕೆ 7.50. ಒಂದು ಸಲಕ್ಕೆ ಎಷ್ಟು ತರಿಸಬೇಕು?

ರಿಯಾಯಿತಿ ಇಲ್ಲದಿದ್ದರೆ

ಪ್ರತಿ ಸಲ ಸರಕು ತರಿಸುವುದಕ್ಕೆ ಟೆಂಪೋ ಬಾಡಿಗೆ, ಹಮಾಲಿ, ಓಡಾಟ ಸೇರಿ 375 ರೂಪಾಯಿ ತಗಲುತ್ತದೆ. ಡಬ್ಬಿ ನೂರಿರಲಿ, ಸಾವಿರವಿರಲಿ, ಈ ಖರ್ಚು ಅಷ್ಟೇ. ತಂದದ್ದನ್ನು ಇಟ್ಟುಕೊಳ್ಳುವುದಕ್ಕೂ ಖರ್ಚಿದೆ. ಅದು ವರ್ಷಕ್ಕೆ ಸರಕಿನ ಬೆಲೆಯ ಶೇಕಡಾ 25 ಎಂದು ಹಿಡಿಯೋಣ, ಅಂದರೆ 8 ರೂಪಾಯಿಯ ಡಬ್ಬಿಗೆ 2 ರೂಪಾಯಿ. ಪದೇ ಪದೇ ತರಿಸಿದರೆ ಮೊದಲ ಖರ್ಚು ಏರುತ್ತದೆ, ಒಮ್ಮೆಗೇ ರಾಶಿ ತರಿಸಿದರೆ ಎರಡನೆಯದು. ಇವೆರಡರ ಮೊತ್ತ ಅತಿ ಕಡಿಮೆಯಾಗುವ ಪ್ರಮಾಣವನ್ನು ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲೇ ಸೂತ್ರಕ್ಕೆ ಇಳಿಸಿದ್ದರು:

Q = √(2DS/H)

D ವರ್ಷದ ಬೇಡಿಕೆ, S ಒಂದು ಸಲ ತರಿಸುವ ಖರ್ಚು, H ಒಂದು ಡಬ್ಬಿಯನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು. ನಮ್ಮ ಅಂಗಡಿಗೆ ಉತ್ತರ ಸರಿಯಾಗಿ 3,000. ವರ್ಷಕ್ಕೆ 8 ಸಲ ತರಿಸಲು 3,000 ರೂಪಾಯಿ. ಗೋದಾಮಿನಲ್ಲಿ ಸರಾಸರಿ 1,500 ಡಬ್ಬಿ ಇರುವುದರಿಂದ ಇಡುವುದಕ್ಕೂ 3,000. ಡಬ್ಬಿಯ ಬೆಲೆ 1,92,000 ಸೇರಿದರೆ ಒಟ್ಟು 1,98,000.

ಮೆಟ್ಟಿಲು ಹತ್ತಿದರೆ

ರಿಯಾಯಿತಿ ಬಂದಾಗ ಸೂತ್ರವೊಂದೇ ಸಾಲದು, ಏಕೆಂದರೆ ಡಬ್ಬಿಯ ಬೆಲೆಯೇ ಬದಲಾಗುತ್ತದೆ. 7.60ರ ದರಕ್ಕೆ ಸೂತ್ರ ಹಾಕಿದರೆ ಸುಮಾರು 3,080 ಬರುತ್ತದೆ. ಆದರೆ 3,080 ಕೊಳ್ಳುವವನಿಗೆ ಆ ದರ ಸಿಗುವುದೇ ಇಲ್ಲ. ಹಾಗಾಗಿ ಆ ದರ ಸಿಗುವ ಅತಿ ಕಡಿಮೆ ಪ್ರಮಾಣಕ್ಕೆ, ಅಂದರೆ 6,000ಕ್ಕೆ ಏರಿ, ಮೂರೂ ಖರ್ಚು ಕೂಡಿಸಿ ನೋಡಬೇಕು. ಡಬ್ಬಿಗೆ 1,82,400, ನಾಲ್ಕು ಸಲ ತರಿಸಲು 1,500, ಇಡಲು 5,700. ಒಟ್ಟು 1,89,600. ಉಳಿತಾಯ 8,400 ರೂಪಾಯಿ.

ಹಾಗಾದರೆ 12,000 ಇನ್ನೂ ಲಾಭವಲ್ಲವೇ? ಡಬ್ಬಿಗೆ 1,80,000, ತರಿಸಲು 750, ಇಡಲು 11,250. ಒಟ್ಟು 1,92,000. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ದರ ವರ್ಷದ ಕೊನೆಗೆ 2,400 ರೂಪಾಯಿ ದುಬಾರಿ. ಕೊನೆಯ ಮೆಟ್ಟಿಲಲ್ಲಿ ಬೆಲೆ ಇಳಿದದ್ದು ಹತ್ತೇ ಪೈಸೆ, ಗೋದಾಮಿನ ರಾಶಿ ಮಾತ್ರ ಇಮ್ಮಡಿ.

ಶೇಕಡಾ 25 ಎಲ್ಲಿಂದ ಬಂತು?

ಈ ಲೆಕ್ಕದಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಅನೇಕರು ಬ್ಯಾಂಕ್ ಬಡ್ಡಿಯನ್ನಷ್ಟೇ ಹಿಡಿದು ಸುಮ್ಮನಾಗುತ್ತಾರೆ. ಗೋದಾಮಿನ ಬಾಡಿಗೆ ಇದೆ, ಮಳೆಗಾಲದಲ್ಲಿ ತೇವ ಹಿಡಿದು ಮೆತ್ತಗಾಗುವ ರಟ್ಟಿದೆ, ಇಲಿ ಇದೆ. ಎಲ್ಲಕ್ಕಿಂತ ದೊಡ್ಡದು ಅಚ್ಚು ಹಳತಾಗುವ ಭಯ. ಅಂಗಡಿಯ ವಿಳಾಸವೋ ಮುದ್ರಿತ ಬೆಲೆಯೋ ಬದಲಾದ ದಿನ ಉಳಿದ ಡಬ್ಬಿಗಳು ರದ್ದಿ.

ಈ ಅಂದಾಜು ಎಷ್ಟು ನಿರ್ಣಾಯಕ ಎಂಬುದನ್ನೂ ಲೆಕ್ಕವೇ ಹೇಳುತ್ತದೆ. ಇಡುವ ಖರ್ಚು ಶೇಕಡಾ 14ರ ಆಸುಪಾಸಿಗಿಂತ ಕೆಳಗಿದ್ದರೆ 12,000 ಗೆಲ್ಲುತ್ತದೆ, ಮೇಲಿದ್ದರೆ 6,000. ಬಡ್ಡಿ ಮಾತ್ರ ಲೆಕ್ಕ ಹಿಡಿದವನು ರಾಶಿ ಹಾಕಿಕೊಳ್ಳುವುದು ಹೀಗೆ. 3,000 ಮತ್ತು 6,000ದ ನಡುವೆ ಮಾತ್ರ ಇಂಥ ಗೊಂದಲವಿಲ್ಲ: ಇಡುವ ಖರ್ಚು ಬೆಲೆಯಷ್ಟೇ ಆದರೂ 6,000ವೇ ಮೇಲು.

ರಿಯಾಯಿತಿ ಯಾವ ಡಬ್ಬಿಗೆ?

ಆರ್ಡರ್ ಕೊಡುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು. ಮೇಲಿನ ಲೆಕ್ಕದಲ್ಲಿ 6,000 ಕೊಂಡರೆ ಅಷ್ಟೂ ಡಬ್ಬಿಗೆ 7.60. ಆದರೆ ಕೆಲವರ ದರಪಟ್ಟಿ ಆದಾಯ ತೆರಿಗೆಯ ಸ್ಲ್ಯಾಬ್‌ನಂತೆ ಇರುತ್ತದೆ: ಮೊದಲ 6,000ಕ್ಕೆ 8 ರೂಪಾಯಿಯೇ, ಅದರಾಚೆಗಿನ ಡಬ್ಬಿಗೆ ಮಾತ್ರ ಕಡಿಮೆ ದರ. ಆಗ 6,000 ಕೊಂಡವನಿಗೆ ಒಂದು ಪೈಸೆಯೂ ಉಳಿಯದು. ಸುಮಾರು 8,400 ಡಬ್ಬಿ ತರಿಸಿದರೂ ವರ್ಷದ ಖರ್ಚು 1,98,600ರ ಹತ್ತಿರ ನಿಲ್ಲುತ್ತದೆ. ಹಳೆಯ 3,000ವೇ ಅದಕ್ಕಿಂತ ವಾಸಿ.

ಪ್ರೆಸ್‌ನವರ ಲೆಕ್ಕ

ಪ್ರೆಸ್‌ನವರು ಬೆಲೆ ಇಳಿಸುವುದು ಧಾರಾಳತನದಿಂದಲ್ಲ. ಪ್ಲೇಟ್ ಕೂರಿಸುವುದು, ಬಣ್ಣ ಹೊಂದಿಸುವುದು, ಡೈ ಕಟ್ಟುವುದು ಒಂದು ಸಾವಿರಕ್ಕೂ ಹತ್ತು ಸಾವಿರಕ್ಕೂ ಹೆಚ್ಚುಕಡಿಮೆ ಅಷ್ಟೇ ಕೆಲಸ. ಅವರಿಗೆ ಬೇಕಾದದ್ದು ಒಂದೇ ಸಲ ಓಡುವ ಮೆಷಿನ್. ಸರಕು ನಿಮ್ಮ ಗೋದಾಮಿನಲ್ಲೇ ಇರಬೇಕೆಂದೇನಿಲ್ಲ. ಆದ್ದರಿಂದ 12,000 ಒಮ್ಮೆಗೇ ಅಚ್ಚು ಮಾಡಿಸಿ, 3,000ದಂತೆ ನಾಲ್ಕು ಕಂತಿನಲ್ಲಿ ಕಳಿಸಿ, ಕಳಿಸಿದಾಗಲೇ ಬಿಲ್ ಮಾಡಿ ಎಂದು ಕೇಳಿ ನೋಡಿ. ಅಚ್ಚು ಹಳತಾಗುವ ಭಯ ಹೋಗುವುದಿಲ್ಲ, ಒಪ್ಪಿದಷ್ಟನ್ನು ಎತ್ತಲೇಬೇಕು. ಆದರೆ ಅವರು ಒಪ್ಪಿದರೆ ವರ್ಷದ ಖರ್ಚು ಸುಮಾರು 1,85,800ಕ್ಕೆ ಇಳಿಯುತ್ತದೆ.