ಸಾಕ್ಷಿ ಹೇಳುತ್ತಿದ್ದ ನೀರು

ಸುಗಂಧದ ಬಾಟಲಿಯೋ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯೋ ನೀರಿನ ಮೇಲೆ ನಿಂತಿರುತ್ತದೆ. ಸುತ್ತ ನಾಲ್ಕೈದು ಉಂಗುರದಲೆಗಳು, ಕೆಳಗೆ ಅದರದೇ ತಲೆಕೆಳಗಾದ ಬಿಂಬ, ಪಕ್ಕದಲ್ಲಿ 'ತಾಜಾತನ' ಎಂಬರ್ಥದ ಒಂದು ಮಾತು. ಈ ಚಿತ್ರವನ್ನು ನಾವೆಲ್ಲ ಎಷ್ಟು ಸಲ ನೋಡಿದ್ದೇವೆಂದರೆ, ಗಾಜಿನ ಬಾಟಲಿ ನೀರಿನ ಮೇಲೆ ನಿಲ್ಲುವುದಿಲ್ಲ ಎಂಬುದೇ ಮರೆತುಹೋಗಿದೆ. ಜಾಹೀರಾತಿನ ಚಿತ್ರಗಳ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಮರೆವೇ ಕುತೂಹಲದ ವಿಷಯ. ಏಕೆಂದರೆ ಒಂದು ಕಾಲದಲ್ಲಿ ಸರಕನ್ನು ನೀರಿನ ಮೇಲೆ ತೋರಿಸುವುದಕ್ಕೆ ಖಚಿತವಾದ ಅರ್ಥವಿತ್ತು. ಆ ನೀರು ಅಲಂಕಾರವಾಗಿರಲಿಲ್ಲ, ಸಾಕ್ಷಿಯಾಗಿತ್ತು.

ಆ ಕಾಲದ ಸರಕು ಒಂದು ಸೋಪು. ಅಮೆರಿಕದ ಸಿನ್ಸಿನಾಟಿಯ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ತನ್ನ ಬಿಳಿ ಸೋಪಿಗೆ 1879ರಲ್ಲಿ 'ಐವರಿ' ಎಂದು ಹೆಸರಿಟ್ಟಿತು. 1891ರ ಹೊತ್ತಿಗೆ ಅದರ ಜಾಹೀರಾತುಗಳಲ್ಲಿ 'ಇದು ತೇಲುತ್ತದೆ' ಎಂಬ ಪುಟ್ಟ ವಾಕ್ಯ ಸೇರಿಕೊಂಡಿತು. ಸಾಮಾನ್ಯ ಸೋಪು ನೀರಿಗಿಂತ ತುಸು ಭಾರ, ಕೈಜಾರಿದರೆ ಮುಳುಗುತ್ತದೆ. ಐವರಿಯ ಪಾಕವನ್ನು ಕಡೆಯುವಾಗ ಸಣ್ಣ ಗಾಳಿಗುಳ್ಳೆಗಳು ಸೇರುವಂತೆ ಮಾಡುತ್ತಿದ್ದರು, ಹಾಗಾಗಿ ಅದು ತೇಲುತ್ತಿತ್ತು. ಕೆಲಸಗಾರನೊಬ್ಬ ಊಟಕ್ಕೆ ಹೋಗುವಾಗ ಯಂತ್ರ ನಿಲ್ಲಿಸಲು ಮರೆತದ್ದರಿಂದ ಇದು ಆಕಸ್ಮಿಕವಾಗಿ ಹುಟ್ಟಿತು ಎಂಬ ಕಥೆಯನ್ನು ದಶಕಗಳ ಕಾಲ ಹೇಳಿಕೊಂಡು ಬಂದರು. ಆದರೆ 2004ರಲ್ಲಿ ಕಂಪನಿಯ ದಾಖಲೆಗಳಲ್ಲಿ ಸ್ಥಾಪಕರೊಬ್ಬರ ಮಗ ಜೇಮ್ಸ್ ಎನ್. ಗ್ಯಾಂಬಲ್‌ನ ಟಿಪ್ಪಣಿ ಪುಸ್ತಕ ಸಿಕ್ಕಿತು. ತೇಲುವ ಸೋಪು ಮಾಡಿದೆ ಎಂದು ಆತ 1863ರಲ್ಲೇ ಬರೆದಿಟ್ಟುಕೊಂಡಿದ್ದ. ಅಲ್ಲಿಗೆ ಮರೆವಿನ ಕಥೆ ಬಿದ್ದುಹೋಯಿತು.

ನನಗೆ ಮುಖ್ಯವೆನಿಸುವುದು ಆ ವಾಕ್ಯದ ಸ್ವಭಾವ. 'ಇದು ತೇಲುತ್ತದೆ' ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಒಂದು ಬೋಗುಣಿ ನೀರು ಸಾಕು. ಸೋಪು ಮುಳುಗಿದರೆ ಕಂಪನಿ ಸುಳ್ಳು ಹೇಳಿದಂತೆ. ಇನ್ನೊಂದು ಮಾತನ್ನೂ ಗಮನಿಸಬೇಕು. ತೇಲುವ ವಸ್ತು ನೀರಿನ ಮೇಲೆ ನಿಲ್ಲುವುದಿಲ್ಲ, ನೀರಿನೊಳಗೆ ಕೂರುತ್ತದೆ. ನೀರಿನ ಹತ್ತರಲ್ಲಿ ಒಂಬತ್ತು ಪಾಲು ಸಾಂದ್ರತೆ ಇರುವ ಸೋಪಾದರೆ ಅದರ ಹತ್ತರಲ್ಲಿ ಒಂಬತ್ತು ಪಾಲು ಒಳಗೇ ಇರುತ್ತದೆ, ಒಂದು ಪಾಲು ಮಾತ್ರ ಹೊರಗೆ. ನಿಜವಾಗಿ ತೇಲುವ ಸರಕಿನ ಚಿತ್ರ ಅಷ್ಟೇನೂ ಚೆಂದವಲ್ಲ. ಇಡೀ ಮೈ ಹೊರಗಿಟ್ಟುಕೊಂಡು ನೀರಿನ ಮೇಲೆ ನೆಟ್ಟಗೆ ನಿಂತದ್ದು ಕಂಡರೆ ಅದು ತೇಲುತ್ತಿಲ್ಲ, ಅದರಡಿ ಏನೋ ಇದೆ ಎಂದೇ ಅರ್ಥ.

ಇನ್ನು ಅಲೆಗಳ ವಿಷಯ. ಹನಿಯೊಂದು ನೀರಿಗೆ ಬಿದ್ದಾಗ ಏನಾಗುತ್ತದೆ ಎಂಬುದು ಬರಿಗಣ್ಣಿಗೆ ಸಿಕ್ಕುವುದಿಲ್ಲ. ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ ಇದಕ್ಕಾಗಿ ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೂತ. ಹನಿ ಬಿದ್ದ ನಿರ್ದಿಷ್ಟ ಗಳಿಗೆಗೆ ಒಂದು ವಿದ್ಯುತ್ ಕಿಡಿ ಹೊತ್ತಿಸುವುದು, ಆ ಬೆಳಕಿನಲ್ಲಿ ಕಣ್ಣಿಗೆ ಉಳಿದುಕೊಂಡ ಆಕಾರವನ್ನು ಕೂಡಲೇ ಬಿಡಿಸುವುದು. ಅವನ ಚಿತ್ರಗಳಲ್ಲಿ ಚಿಮ್ಮಿದ ನೀರು ಕಿರೀಟದಂತೆ ಎಲ್ಲ ಕಡೆಯೂ ಸಮನಾಗಿತ್ತು. 1894ರ ಹೊತ್ತಿಗೆ ಅದೇ ಕಿಡಿಯ ಬೆಳಕಿನಲ್ಲಿ ಫೋಟೊ ತೆಗೆಯಲು ಸಾಧ್ಯವಾಯಿತು. ಫೋಟೊದಲ್ಲಿ ಕಿರೀಟದ ಒಂದು ಹಲ್ಲು ಉದ್ದ, ಒಂದು ಗಿಡ್ಡ, ಒಂದು ಕಡೆ ಅಂಚೇ ಹರಿದಿತ್ತು. ತನ್ನ ಹಳೆಯ ಟಿಪ್ಪಣಿಗಳನ್ನು ತಿರುವಿದಾಗ ಸೊಟ್ಟಗಿದ್ದ ಆಕಾರಗಳನ್ನೂ ತಾನು ಆಗಲೇ ಕಂಡಿದ್ದು ಅವನಿಗೆ ತಿಳಿಯಿತು. ಅವನ್ನು ಅಪವಾದವೆಂದು ಬದಿಗಿಟ್ಟು, ಮನಸ್ಸಿನಲ್ಲಿದ್ದ ಪರಿಪೂರ್ಣ ಆಕಾರವನ್ನೇ ಆತ ಪ್ರಕಟಿಸಿದ್ದ. ಲೊರೇನ್ ಡಾಸ್ಟನ್ ಮತ್ತು ಪೀಟರ್ ಗ್ಯಾಲಿಸನ್ ವಸ್ತುನಿಷ್ಠತೆಯ ಚರಿತ್ರೆಯ ಕುರಿತು 2007ರಲ್ಲಿ ಹೊರತಂದ ತಮ್ಮ ಪುಸ್ತಕವನ್ನು ಈ ಪ್ರಸಂಗದಿಂದಲೇ ಶುರುಮಾಡುತ್ತಾರೆ.

ವಿಜ್ಞಾನ ಕೈಬಿಟ್ಟ ಆ ಪರಿಪೂರ್ಣ ಉಂಗುರವನ್ನು ಜಾಹೀರಾತು ಎತ್ತಿಕೊಂಡಿತು ಎಂದು ನನಗನ್ನಿಸುತ್ತದೆ. ಅದನ್ನು ಸ್ಟುಡಿಯೊದಲ್ಲಿ ಹೇಗೆ ಪಡೆಯುತ್ತಾರೆ ಎಂಬುದನ್ನು ತಿಳಿಯಲು ನಾನು ಕೆಲವು ದಿನ ಫೋಟೊಗ್ರಾಫರೊಬ್ಬರ ಕೆಲಸ ನೋಡಿದೆ. ಸುಮಾರು ಮೂರಡಿ ಅಗಲದ ಒಂದು ಆಳವಿಲ್ಲದ ತೊಟ್ಟಿ, ತಳಕ್ಕೆ ಕಪ್ಪು ಅಕ್ರಿಲಿಕ್ ಹಾಳೆ, ಅದರ ಮೇಲೆ ಒಂದೂವರೆ ಸೆಂಟಿಮೀಟರ್ ನೀರು. ನಡುವೆ ನೀರಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ಪಾರದರ್ಶಕ ಅಕ್ರಿಲಿಕ್ಕಿನ ಚಿಕ್ಕ ಪೀಠ. ಬಾಟಲಿಯನ್ನು ಅದಕ್ಕೆ ಅಂಟಿಸುತ್ತಾರೆ. ನಲ್ಲಿಯಿಂದ ಹಿಡಿದ ನೀರನ್ನು ಹಾಗೇ ಸುರಿಯುವುದಿಲ್ಲ. ಅದರಲ್ಲಿ ಕರಗಿದ ಗಾಳಿ ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳಾಗಿ ಬಾಟಲಿಯ ಬುಡಕ್ಕೂ ತೊಟ್ಟಿಯ ತಳಕ್ಕೂ ಅಂಟಿಕೊಳ್ಳುತ್ತದೆ. ಅದಕ್ಕೇ ಕುದಿಸಿ ಆರಿಸಿದ ನೀರು.

ಆಮೇಲೆ ಕ್ಯಾಮೆರಾದ ಎತ್ತರ. ನೀರು ಒಳ್ಳೆಯ ಕನ್ನಡಿಯಲ್ಲ. ನೆಟ್ಟಗೆ ಮೇಲಿಂದ ನೋಡಿದರೆ ಬಿದ್ದ ಬೆಳಕಿನಲ್ಲಿ ಶೇಕಡಾ 2ರಷ್ಟನ್ನು ಮಾತ್ರ ಅದು ಹಿಂದಿರುಗಿಸುತ್ತದೆ. ನಲವತ್ತೈದು ಡಿಗ್ರಿ ಓರೆಯಿಂದ ನೋಡಿದರೂ 3 ದಾಟುವುದಿಲ್ಲ. ಆದರೆ ಕಣ್ಣನ್ನು ನೀರಿನ ಮಟ್ಟದಿಂದ ಹತ್ತೇ ಡಿಗ್ರಿ ಮೇಲಕ್ಕೆ ಇಳಿಸಿದರೆ ಸುಮಾರು ಮೂರನೇ ಒಂದು ಪಾಲು ಹಿಂದಿರುಗುತ್ತದೆ. ಕೆರೆ ಏರಿಯ ಮೇಲೆ ನಿಂತಾಗ ಕಾಲ ಬುಡದ ನೀರಿನಲ್ಲಿ ತಳದ ಕಲ್ಲು, ಆಚೆ ದಡದ ಹತ್ತಿರ ಗುಡ್ಡದ ನೆರಳು ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ ಕ್ಯಾಮೆರಾ ತೊಟ್ಟಿಯ ಅಂಚಿಗೆ ಬಂದು ಕೂರುತ್ತದೆ. ಕಪ್ಪು ತಳ ಉಳಿದ ಬೆಳಕನ್ನು ನುಂಗಿಕೊಂಡು ಬಿಂಬವನ್ನು ಎದ್ದು ಕಾಣಿಸುತ್ತದೆ.

ಕೊನೆಗೆ ಅಲೆ. ಬಾಟಲಿಯ ಹತ್ತಿರ ಬೆರಳ ತುದಿ ತಾಗಿಸಿ ಎತ್ತುತ್ತಾರೆ, ಇಲ್ಲವೇ ಡ್ರಾಪರಿನಿಂದ ಒಂದು ಹನಿ ಬಿಡುತ್ತಾರೆ. ನೀರಿನ ಮೇಲಿನ ಅಲೆಗೆ ಒಂದು ಕನಿಷ್ಠ ವೇಗವಿದೆ, ಸೆಕೆಂಡಿಗೆ ಸುಮಾರು 23 ಸೆಂಟಿಮೀಟರ್. ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ 1871ರಲ್ಲಿ ತೋರಿಸಿಕೊಟ್ಟದ್ದು ಇದು. ನಮ್ಮ ತೊಟ್ಟಿಯಲ್ಲಿ ನಡುವಿನಿಂದ ಅಂಚಿಗೆ 45 ಸೆಂಟಿಮೀಟರ್ ಎಂದುಕೊಳ್ಳಿ. ಅಲೆ ಎರಡು ಸೆಕೆಂಡಿನೊಳಗೆ ಗೋಡೆ ಮುಟ್ಟುತ್ತದೆ, ಇನ್ನೆರಡು ಸೆಕೆಂಡಿನೊಳಗೆ ಮರಳಿ ಬಂದು ಹೊಸ ಅಲೆಯೊಂದಿಗೆ ಸಿಕ್ಕುಬೀಳುತ್ತದೆ. ಅಚ್ಚುಕಟ್ಟಾದ ಉಂಗುರಕ್ಕೆ ಮೊದಲ ಎರಡು ಮೂರು ಸೆಕೆಂಡು ಮಾತ್ರ ಅವಕಾಶ. ಆ ಕ್ಷಣ ತಪ್ಪಿದರೆ ನೀರು ಮತ್ತೆ ಸುಮ್ಮನಾಗುವವರೆಗೂ ಕಾಯಬೇಕು. ನಾನು ನೋಡಿದ ಒಂದು ಮಧ್ಯಾಹ್ನ ಇಂಥ ಕಾಯುವಿಕೆಯಲ್ಲೇ ಕಳೆಯಿತು. ಅಲೆ ಜೋರಾದರೆ ಬಿಂಬ ಒಡೆಯುತ್ತದೆ, ಮೆತ್ತಗಾದರೆ ನೀರು ಗಾಜಿನ ಹಲಗೆಯಂತೆ ಕಾಣುತ್ತದೆ. ನೀರಿನ ಮೈ ಐದು ಡಿಗ್ರಿ ಬಾಗಿದರೆ ಅದರಿಂದ ಹೊರಟ ಬೆಳಕು ಹತ್ತು ಡಿಗ್ರಿ ತಿರುಗುತ್ತದೆ. ಬಿಂಬ ಅಷ್ಟು ನಾಜೂಕು.

ಇಷ್ಟೆಲ್ಲ ಪಾಡು ಬೇಡವೆಂದು ಈಗ ಹಲವರು ಬಾಟಲಿಯ ಫೋಟೊವನ್ನೇ ಕಂಪ್ಯೂಟರಿನಲ್ಲಿ ತಲೆಕೆಳಗು ಮಾಡಿ ಕೆಳಗೆ ಅಂಟಿಸುತ್ತಾರೆ. ಅದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ನೀರಿನ ಬಿಂಬ ಕಾಣಿಸುವುದು ಕ್ಯಾಮೆರಾ ನೀರಿನ ಮೇಲೆ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದ ನೋಟವನ್ನು. ಮೇಲಿನ ಬಾಟಲಿಯಲ್ಲಿ ಮುಚ್ಚಳದ ನೆತ್ತಿ ಕಾಣುತ್ತಿದ್ದರೆ ಬಿಂಬದಲ್ಲಿ ಅದು ಕಾಣಕೂಡದು. ಎರಡೂ ಕಡೆ ನೆತ್ತಿ ಕಂಡರೆ ಅಲ್ಲಿ ನೀರೇ ಇರಲಿಲ್ಲ. ಇನ್ನೊಂದು ಗುರುತು, ಅಲೆ ಬಿಂಬವನ್ನು ಮುಖ್ಯವಾಗಿ ಮೇಲೆ ಕೆಳಗೆ ಎಳೆದು ಉದ್ದ ಮಾಡುತ್ತದೆ. ಸಂಜೆ ಕೆರೆಯಲ್ಲಿ ಬೀದಿದೀಪ ಉದ್ದನೆಯ ಕಂಬವಾಗಿ ಕಾಣುವಂತೆ. ಕೈಯಿಂದ ಹುಟ್ಟಿಸಿದ ಅಲೆಯಲ್ಲಿ ಬಿಂಬ ಎಡಬಲಕ್ಕೂ ಅಷ್ಟೇ ತೊನೆಯುತ್ತಿರುತ್ತದೆ.

ಹಾಗಾದರೆ ಇದು ಮೋಸವೇ? ಈ ಪ್ರಶ್ನೆಗೆ ಅಮೆರಿಕದ ಕಾನೂನು ಎರಡು ಪ್ರಕರಣಗಳಲ್ಲಿ ಉತ್ತರ ಹುಡುಕಿತು. ಕೋಲ್ಗೇಟ್-ಪಾಮೋಲಿವ್ ತನ್ನ ಶೇವಿಂಗ್ ಕ್ರೀಮು ಮರಳು ಕಾಗದವನ್ನೂ ಮೆತ್ತಗೆ ಮಾಡಿ ಬೋಳಿಸುತ್ತದೆ ಎಂದು ಟೀವಿಯಲ್ಲಿ ತೋರಿಸಿತ್ತು. ತೆರೆಯ ಮೇಲಿದ್ದದ್ದು ಕಾಗದವಲ್ಲ, ಮರಳು ಉದುರಿಸಿದ ಪ್ಲೆಕ್ಸಿಗ್ಲಾಸ್. 1965ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ಸೂಕ್ಷ್ಮ ಗೆರೆ ಎಳೆಯಿತು. ದೀಪದ ಬಿಸಿಗೆ ಐಸ್‌ಕ್ರೀಮು ಕರಗುತ್ತದೆಂದು ಅದರ ಬದಲು ಆಲೂಗಡ್ಡೆಯ ಮುದ್ದೆ ಇಟ್ಟು ಚಿತ್ರ ತೆಗೆಯುವುದು ತಪ್ಪಲ್ಲ. ಆದರೆ ಆ ಮುದ್ದೆಯನ್ನೇ ತೋರಿಸಿ ನಮ್ಮ ಐಸ್‌ಕ್ರೀಮಿನ ನುಣುಪು ನೋಡಿ ಎಂದರೆ ತಪ್ಪು. ಪ್ರತಿರೂಪವನ್ನು ಪುರಾವೆಯಾಗಿ ಬಳಸಕೂಡದು ಎಂಬುದು ಅದರ ಸಾರ. ಇನ್ನೊಂದು ಪ್ರಕರಣ ಕ್ಯಾಂಪ್‌ಬೆಲ್ ಸೂಪಿನದು. ಬಟ್ಟಲಿನ ತಳದಲ್ಲಿ ಗೋಲಿಗಳನ್ನು ಹಾಕಿ ತರಕಾರಿ ಚೂರುಗಳು ಮೇಲೆದ್ದು ಕಾಣುವಂತೆ ಮಾಡಿದ್ದರು. ಚೂರುಗಳು ಮುಳುಗುವುದು ಸಹಜ, ಹಾಗಾಗಿ ಇರುವುದನ್ನೇ ಕಾಣಿಸಿದೆವು ಎಂಬುದು ಅವರ ವಾದ. ಇರುವುದಕ್ಕಿಂತ ಹೆಚ್ಚು ಇದ್ದಂತೆ ಕಾಣುತ್ತದೆ ಎಂಬುದು ಸರ್ಕಾರಿ ಆಯೋಗದ ಆಕ್ಷೇಪ. 1970ರಲ್ಲಿ ಕಂಪನಿ ಅಂಥ ಜಾಹೀರಾತು ನಿಲ್ಲಿಸಲು ಒಪ್ಪಿತು.

ಈ ಗೆರೆಯ ಪ್ರಕಾರ ನೀರಿನಡಿಯ ಅಕ್ರಿಲಿಕ್ ಪೀಠ ಅಪರಾಧವಲ್ಲ. ಬಾಟಲಿ ತೇಲುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ಹಾಗೆ ಹೇಳದಿರುವುದರಲ್ಲೇ ನೂರು ವರ್ಷದ ಬದಲಾವಣೆ ಇದೆ. ನಮ್ಮಲ್ಲೂ 1975ರಲ್ಲಿ ಬಂದ ಲಿರಿಲ್ ಸೋಪಿನ ಜಾಹೀರಾತಿನಲ್ಲಿ ಹುಡುಗಿಯೊಬ್ಬಳು ಜಲಪಾತದಡಿ ಕುಣಿದಳು. ಕೊಡೈಕೆನಾಲಿನ ಆ ಪಾಂಬಾರ್ ಜಲಪಾತವನ್ನು ಈಗಲೂ ಜನ ಲಿರಿಲ್ ಜಲಪಾತ ಎನ್ನುತ್ತಾರೆ. ಆ ನೀರು ಸೋಪಿನ ಬಗ್ಗೆ ಪರೀಕ್ಷಿಸಬಹುದಾದ ಒಂದು ಮಾತನ್ನೂ ಹೇಳಲಿಲ್ಲ, ನೋಡಿದವರಿಗೆ ತಂಪೆನಿಸಿತು, ಅಷ್ಟೆ. ಐವರಿಯ ಮಾತನ್ನು ಬೋಗುಣಿಯಲ್ಲಿ ಒರೆಗೆ ಹಚ್ಚಬಹುದಿತ್ತು. ತಾಜಾತನವನ್ನು ಯಾವ ಬೋಗುಣಿಯಲ್ಲಿ ಹಾಕಿ ನೋಡುವುದು? ಸುಳ್ಳಾಗುವ ಅಪಾಯವಿಲ್ಲದ ಮಾತಿಗೆ ನಿಜವಾಗುವ ಅವಕಾಶವೂ ಇರುವುದಿಲ್ಲ. ನೀರು ಅದೇ, ಅಲೆಯ ವೇಗವೂ ಅದೇ, ಸಾಕ್ಷಿಕಟ್ಟೆಯಿಂದ ಮಾತ್ರ ಅದನ್ನು ಇಳಿಸಿದ್ದೇವೆ.